ಸರಕು ಬೇರೆಯವರದು, ಗಿರಾಕಿ ನಿಮ್ಮವರು

ಪ್ರಶ್ನೆ: ಸರ್, ನನಗೆ 29 ವರ್ಷ. ಊರು ಬದಿಯಡ್ಕದ ಹತ್ತಿರ. ಆರು ವರ್ಷ ಕಾಸರಗೋಡಿನ ಒಂದು ಮೊಬೈಲ್ ಅಂಗಡಿಯಲ್ಲಿ ಸೇಲ್ಸ್‌ನಲ್ಲಿದ್ದೆ, ಅದು ಮುಚ್ಚಿತು. ಕನ್ನಡ, ತುಳು, ಮಲಯಾಳ ಮೂರೂ ಸಲೀಸು. ಯಾರ ಹತ್ತಿರ ಬೇಕಾದರೂ ಮಾತಾಡಿ ಮಾರುವ ಧೈರ್ಯ ಉಂಟು. ಆದರೆ ಮಾರಲಿಕ್ಕೆ ನನ್ನದು ಅಂತ ಸರಕಿಲ್ಲ, ಹಾಕಲಿಕ್ಕೆ ದುಡ್ಡಿಲ್ಲ, ಕೈಕೆಲಸ ಯಾವುದೂ ಬಾರದು. ನಾನು ಏನು ಮಾಡಬಹುದು?

ಉತ್ತರ: ನಿಮ್ಮ ಮನೆಯಿಂದ ಹತ್ತು ಹದಿನೈದು ಕಿಲೋಮೀಟರಿನ ಒಳಗೆ ಸರಕು ಮಾಡಿ ಕೋಣೆ ತುಂಬ ಪೇರಿಸಿಟ್ಟವರು ಇದ್ದಾರೆ. ಮಾಡಲು ಬರುತ್ತದೆ, ಮಾರಲು ಬಾರದು. ಗಿರಾಕಿಯ ಎದುರು ನಿಂತರೆ ದರ ಹೇಳಲೂ ಅವರಿಗೆ ಸಂಕೋಚ. ಅಂಥ ಒಬ್ಬರ ಸರಕನ್ನು ಕಮಿಷನ್ ಮೇಲೆ ಮಾರಿ ಕೊಡಿ. ನಾನೂ ಹೀಗೇ ಶುರು ಮಾಡಿದವನು. ಕಾಸರಗೋಡು, ಮಂಗಳೂರು ಲೈನಿನಲ್ಲಿ ಬೇರೆಯವರ ಸರಕಿಗೆ ಆರ್ಡರ್ ಹಿಡಿಯುವುದೇ ಇವತ್ತಿಗೂ ನನ್ನ ಕೆಲಸ.

ಮಾತುಗಾರರಿಗೆ ಎಲ್ಲರೂ ಹೇಳುವ ದಾರಿ ಎರಡು, ಇನ್ಶೂರೆನ್ಸ್ ಮತ್ತು ಜಾಗದ ಬ್ರೋಕರ್ ಕೆಲಸ. ಇನ್ಶೂರೆನ್ಸ್ ಏಜೆಂಟ್ ಆಗಲು ತರಬೇತಿ, ಪರೀಕ್ಷೆ ಮುಗಿಸಿದರೆ ಆಯಿತು. ಆದರೆ ಮೊದಲ ವರ್ಷ ನೀವು ಮಾರುವುದು ನೆಂಟರಿಗೆ, ಗೆಳೆಯರಿಗೆ. ಅವರು ಮುಗಿದ ಮೇಲೆ ಮುಂದೆ ಯಾರು ಅಂತ ತಿಳಿಯದೆ ತುಂಬಾ ಜನ ಬಿಟ್ಟುಬಿಡುತ್ತಾರೆ. ಜಾಗದ ವ್ಯವಹಾರ ಆರು ತಿಂಗಳಿಗೆ ಒಂದು ಕುದುರಿದರೆ ಪುಣ್ಯ. ಅಷ್ಟು ದಿನ ಮನೆ ನಡೆಯಬೇಕಲ್ಲ? ಇನ್ನು ಯಾರಾದರೂ "ಇಷ್ಟು ಕಟ್ಟಿ ಸೇರಿ, ಕೆಳಗೆ ನಾಲ್ಕು ಜನರನ್ನು ಸೇರಿಸಿ" ಅಂದರೆ ಆ ಕಡೆ ಹೋಗಲೇ ಬೇಡಿ. ನೇರ ಮಾರಾಟದ ಕಂಪನಿಗಳು ಸೇರುವವರಿಂದ ಪ್ರವೇಶ ಶುಲ್ಕ ತೆಗೆದುಕೊಳ್ಳಬಾರದು ಅಂತ 2021ರ ಕೇಂದ್ರ ನಿಯಮವೇ ಹೇಳುತ್ತದೆ.

ನಾನು ಹೇಳುವುದು ಹಾಳೆತಟ್ಟೆ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ನಿಮ್ಮ ಕಡೆ, ಅಂದರೆ ಪೆರ್ಲ, ನೀರ್ಚಾಲು, ಮುಳ್ಳೇರಿಯ, ಅಡೂರು, ಎಲ್ಲಾ ಅಡಿಕೆ ತೋಟವೇ. ತೋಟದಲ್ಲಿ ಬಿದ್ದ ಹಾಳೆಯನ್ನು ಒಣಗಿಸಿ, ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿ ತಟ್ಟೆ ಮಾಡುವ ಸಣ್ಣ ಘಟಕಗಳು ಅಲ್ಲಲ್ಲಿ ಇವೆ. ಹೆಚ್ಚಿನವು ಮನೆಯ ಬದಿಯ ಶೆಡ್ಡಿನಲ್ಲಿ ಗಂಡ ಹೆಂಡತಿ ಸೇರಿ ನಡೆಸುವಂಥವು. ಕೇರಳದಲ್ಲಿ ಒಂದು ಸಲ ಬಳಸಿ ಬಿಸಾಡುವ ಪ್ಲಾಸ್ಟಿಕ್‌ಗೆ 2020ರ ಜನವರಿ 1ರಿಂದ ನಿಷೇಧ ಉಂಟು. ದೇಶಕ್ಕೆಲ್ಲ ಪ್ಲಾಸ್ಟಿಕ್ ತಟ್ಟೆ, ಲೋಟದ ನಿಷೇಧ ಬಂದದ್ದು 2022ರ ಜುಲೈ 1ಕ್ಕೆ. ಹಾಗಾಗಿ ಕೇಟರಿಂಗ್‌ನವರಿಗೆ ಪ್ಲಾಸ್ಟಿಕ್ ಅಲ್ಲದ ತಟ್ಟೆ ಬೇಕೇ ಬೇಕು. ಆ ಬೇಡಿಕೆಯನ್ನು ನೀವು ಹುಟ್ಟಿಸಬೇಕಾಗಿಲ್ಲ.

ಇನ್ನೊಂದು ಕಾರಣ ಗಡಿ. ನಮ್ಮಲ್ಲಿ ತಲಪಾಡಿ ದಾಟಿದರೆ ಬೇರೆ ರಾಜ್ಯ. ಉಪ್ಪಿನಕಾಯಿ, ಚಿಪ್ಸ್ ಇಂಥ ತೆರಿಗೆ ಇರುವ ಸರಕನ್ನು ಬದಿಯಡ್ಕದ ಘಟಕ ಮಂಗಳೂರಿಗೆ ಮಾರಬೇಕಾದರೆ, ವಹಿವಾಟು ಎಷ್ಟೇ ಸಣ್ಣದಿದ್ದರೂ ಜಿಎಸ್‌ಟಿ ನೋಂದಣಿ ಬೇಕು. ಬೇರೆ ರಾಜ್ಯಕ್ಕೆ ಸರಕು ಹೋಗುವಾಗ ಸಣ್ಣವರಿಗೆ ಇರುವ ಮಿತಿ ಲೆಕ್ಕಕ್ಕೆ ಬರುವುದಿಲ್ಲ. ಇದು ಗೊತ್ತಿಲ್ಲದೆ ಆರ್ಡರ್ ಹಿಡಿದು ಆಮೇಲೆ ಕೈಚೆಲ್ಲಿದವರನ್ನು ನಾನು ನೋಡಿದ್ದೇನೆ. ಎಲೆ, ಹಾಳೆಯ ತಟ್ಟೆ, ದೊನ್ನೆಗಳಿಗೆ ಮಾತ್ರ 2019ರ ಅಕ್ಟೋಬರ್‌ನಿಂದ ಜಿಎಸ್‌ಟಿ ಸೊನ್ನೆ. ತೆರಿಗೆ ಇಲ್ಲದ ಸರಕನ್ನಷ್ಟೇ ಮಾರುವವರಿಗೆ ನೋಂದಣಿಯೇ ಬೇಡ. ಹಾಗಾಗಿ ಅದೇ ಘಟಕ ಕುಂಬಳೆಗೂ ಕೊಡಬಹುದು, ವಿಟ್ಲಕ್ಕೂ ಕೊಡಬಹುದು. ಒಂದು ಮಾತ್ರ ಕೇಳಿಕೊಳ್ಳಿ: ಆ ಘಟಕದವರು ಜೊತೆಗೆ ಮರದ ಚಮಚ ಗಿಮಚ ತರಿಸಿ ಮಾರುತ್ತಾರಾ? ಅದಕ್ಕೆ ತೆರಿಗೆ ಉಂಟು. ಗಡಿ ದಾಟುವ ಪೆಟ್ಟಿಗೆಯಲ್ಲಿ ಅದು ಸೇರಿದರೆ ಲೆಕ್ಕ ಬೇರೆಯಾಗುತ್ತದೆ. ನಿಮ್ಮ ಕಮಿಷನ್ ಅನ್ನುವುದು ಸೇವೆ. ವರ್ಷಕ್ಕೆ 20 ಲಕ್ಷ ದಾಟುವವರೆಗೆ ಅದಕ್ಕೆ ನೋಂದಣಿಯ ಚಿಂತೆ ಇಲ್ಲ.

ಈಗ ಗಿರಾಕಿ ಯಾರು ಅನ್ನುವುದು. ಇಲ್ಲಿ ಹೊಸಬರು ತಪ್ಪುತ್ತಾರೆ. ಮದುವೆ ಇರುವ ಮನೆಗೆ ಹೋಗಿ ತಟ್ಟೆ ಮಾರುತ್ತಾರೆ. ಆ ಮನೆಯಲ್ಲಿ ಇನ್ನೊಂದು ಮದುವೆ ಆಗುವುದು ಐದು ವರ್ಷಕ್ಕೆ. ನೀವು ಹಿಡಿಯಬೇಕಾದ್ದು ಕೇಟರಿಂಗ್‌ನವರನ್ನು. ಲೆಕ್ಕ ನೋಡಿ.

600 ಜನರ ಒಂದು ಬಫೆ ಊಟ ಅಂತ ಇಟ್ಟುಕೊಳ್ಳಿ. ದೊಡ್ಡ ತಟ್ಟೆ 700 ಬೇಕು, ಪಾಯಸಕ್ಕೆ ಒಂದು, ಐಸ್‌ಕ್ರೀಮಿಗೆ ಒಂದು ಅಂತ ಸಣ್ಣ ದೊನ್ನೆ 1,400 ಬೇಕು. ತಟ್ಟೆಗೆ 4 ರೂಪಾಯಿ, ದೊನ್ನೆಗೆ ಒಂದೂವರೆ ಅಂತ ಹಿಡಿದರೆ ಒಟ್ಟು 4,900 ರೂಪಾಯಿಯ ಆರ್ಡರ್. ದರ ಊರಿಂದ ಊರಿಗೆ, ದಪ್ಪದ ಮೇಲೆ ಬದಲಾಗುತ್ತದೆ, ಇದು ಬರೀ ಲೆಕ್ಕಕ್ಕೆ. ನಿಮ್ಮ ಕಮಿಷನ್ ತಟ್ಟೆಗೆ 25 ಪೈಸೆ, ದೊನ್ನೆಗೆ 10 ಪೈಸೆ ಅಂತ ಮಾತಾದರೆ 175 ಮತ್ತು 140, ಒಟ್ಟು 315 ರೂಪಾಯಿ. ಒಂದು ಮದುವೆಗೆ ಇಷ್ಟೇ. ಇದನ್ನು ನೋಡಿ ಹೆಚ್ಚಿನವರು ಬಿಟ್ಟು ಹೋಗುತ್ತಾರೆ.

ಆದರೆ ತಿಂಗಳಿಗೆ ನಾಲ್ಕು ಕಾರ್ಯಕ್ರಮ ಮಾಡುವ ಹನ್ನೆರಡು ಕೇಟರಿಂಗ್‌ನವರು ನಿಮ್ಮ ಕೈಯಲ್ಲಿದ್ದರೆ ಅದು 48 ಆರ್ಡರ್, 15,120 ರೂಪಾಯಿ. ಮೊದಲ ಸಲ ಒಬ್ಬರನ್ನು ಒಪ್ಪಿಸಲು ಮೂರು ಸಲ ಹೋಗಬೇಕಾದೀತು. ಆಮೇಲಿನದು ಫೋನಿನಲ್ಲೇ ಮುಗಿಯುತ್ತದೆ. ನೀವು ಕಟ್ಟಬೇಕಾದ್ದು ಆ ಹನ್ನೆರಡು ಹೆಸರು. ಮೀಯಪದವು, ಉಪ್ಪಳದಿಂದ ಚೆರ್ಕಳದವರೆಗೆ ಅಷ್ಟು ಜನ ಸಿಗುತ್ತಾರೆ, ಗಡಿಯಾಚೆ ವಿಟ್ಲ, ಪುತ್ತೂರು ಬೇರೆ ಉಂಟು.

ಹನ್ನೆರಡೂ ತಿಂಗಳು ಹೀಗೇ ಬರುತ್ತದೆ ಅಂದುಕೊಳ್ಳಬೇಡಿ. ಆಟಿ ತಿಂಗಳಲ್ಲಿ ಮದುವೆ, ಮುಂಜಿ ಇಲ್ಲ. ಮಳೆಗಾಲದ ಬೇರೆ ವಾರಗಳೂ ತೆಳು. ಎಂಟು ತಿಂಗಳು ಪೂರ್ತಿ, ನಾಲ್ಕು ತಿಂಗಳು ಐದೈದು ಸಾವಿರ ಅಂತ ಹಿಡಿದರೆ ವರ್ಷಕ್ಕೆ 1 ಲಕ್ಷ 41 ಸಾವಿರದ ಹತ್ತಿರ. ಅದರಲ್ಲಿ ಪೆಟ್ರೋಲು, ಫೋನು ಕಳೆಯಬೇಕು. ಹನ್ನೆರಡು ಜನ ಆಗುವುದಕ್ಕೇ ಎಂಟು ಹತ್ತು ತಿಂಗಳು ಬೇಕು. ಅಲ್ಲಿವರೆಗೆ ಮನೆಖರ್ಚಿಗೆ ಅರ್ಧ ದಿನದ ಬೇರೆ ಕೆಲಸ ಇಟ್ಟುಕೊಳ್ಳಿ. ಕೇಟರಿಂಗ್‌ನವರು ಮಾತಿಗೆ ಸಿಗುವುದು ಕಾರ್ಯಕ್ರಮ ಇಲ್ಲದ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಹಾಗಾಗಿ ಅರ್ಧ ದಿನ ಸಾಕು.

ಮೊದಲು ಘಟಕಕ್ಕೆ ಹೋಗಿ. ಮಾರುವ ಮಾತು ಆಡಬೇಡಿ, ಒಂದು ದಿನ ಪೂರ್ತಿ ಕೂತು ನೋಡಿ. ಹಾಳೆಯ ಅಗಲದ ಭಾಗದಲ್ಲಿ ದೊಡ್ಡ ತಟ್ಟೆ ಬರುತ್ತದೆ, ಉಳಿದ ತುಂಡಿನಲ್ಲಿ ದೊನ್ನೆ. ಹಾಗಾಗಿ ದೊಡ್ಡ ತಟ್ಟೆ ಮಾತ್ರ ಮಾರಿದರೆ ಘಟಕದವರಿಗೆ ದೊನ್ನೆ ರಾಶಿ ಬೀಳುತ್ತದೆ. ಎರಡನ್ನೂ ಜೊತೆಗೆ ಮಾರುವವರು ಸಿಕ್ಕಿದರೆ ಅವರಿಗೆ ಖುಷಿ, ಕಮಿಷನ್ ಕೇಳಲೂ ನಿಮಗೆ ಬಾಯಿ ಬರುತ್ತದೆ. ದಿನಕ್ಕೆ ಎಷ್ಟು ತಟ್ಟೆ ಆಗುತ್ತದೆ, ಕರೆಂಟು ಹೋದರೆ ಏನು, ಒಣ ಹಾಳೆ ಎಷ್ಟು ದಿನಕ್ಕೆ ಉಂಟು, ಇದನ್ನು ಕಣ್ಣಾರೆ ನೋಡಿ ಬರೆದುಕೊಳ್ಳಿ. ಈ ಅಂಕಿಯನ್ನು ದಾಟಿ ನೀವು ಯಾವತ್ತೂ ಮಾತು ಕೊಡಬಾರದು.

ಇದನ್ನು ಒತ್ತಿ ಹೇಳಲು ಕಾರಣ ಉಂಟು. ನಮ್ಮಂಥ ಮಾತುಗಾರರ ಬಾಯಿಯಲ್ಲಿ "ಆಯ್ತು, ಮಾಡುವ" ಅನ್ನುವುದು ಯೋಚನೆಗಿಂತ ಮೊದಲು ಬರುತ್ತದೆ. ಒಂದು ಜೂನ್‌ನಲ್ಲಿ ಒಬ್ಬ ಕೇಟರಿಂಗ್‌ನವರು 2,000 ತಟ್ಟೆ ಕೇಳಿದರು. ಮೂರು ದಿನದಲ್ಲಿ ಕೊಡುತ್ತೇನೆ ಅಂದೆ. ಘಟಕದಲ್ಲಿ ಒಣ ಹಾಳೆ ಮುಗಿದಿತ್ತು. ಅವರು ಅವಸರದಲ್ಲಿ ಬೇಸಿಗೆಯ ಕೊನೆಯಲ್ಲಿ ಮಾಡಿಟ್ಟಿದ್ದ ಹಳೆಯ ಕಟ್ಟುಗಳನ್ನು ಕಳಿಸಿದರು, ನಾನು ಬಿಚ್ಚಿ ನೋಡಲಿಲ್ಲ. ಮದುವೆಯ ಬೆಳಿಗ್ಗೆ ಮದುವೆ ಹಾಲ್‌ನಿಂದ ಫೋನು. ಹೋಗಿ ನೋಡಿದರೆ ಕಟ್ಟಿನ ಮೇಲಿನ ನಾಲ್ಕು ತಟ್ಟೆ ಚಂದ, ನಡುವಿನವುಗಳ ಬೆನ್ನಿಗೆ ಬೂದು ಬಣ್ಣದ ಬೂಸ್ಟು. ಮೂಗಿಗೆ ಹಿಡಿದರೆ ಹಸಿ ಗೋಣಿಚೀಲದ ವಾಸನೆ. ಆ ಕೇಟರಿಂಗ್‌ನವರು ನನಗೆ ಬೈಯಲಿಲ್ಲ. ಎರಡು ವರ್ಷ ಫೋನು ಎತ್ತಲಿಲ್ಲ, ಅಷ್ಟೇ.

ಹಾಳೆತಟ್ಟೆಯಲ್ಲಿ ದೊಡ್ಡ ಕಾಯಿಲೆ ಈ ಬೂಸ್ಟು. ಹಾಳೆ ಮಳೆಗೆ ನೆನೆದು ತೋಟದಲ್ಲೇ ಬಿದ್ದಿದ್ದರೆ ಕಪ್ಪು ಚುಕ್ಕೆ ಬರುತ್ತದೆ. ಒತ್ತಿದ ಮೇಲೆ ಒಳಗೆ ತೇವ ಉಳಿದಿದ್ದರೆ, ಅಥವಾ ಕಟ್ಟನ್ನು ಸಿಮೆಂಟಿನ ನೆಲದ ಮೇಲೆ ಇಟ್ಟಿದ್ದರೆ, ಬೂಸ್ಟು ಹಿಡಿಯುತ್ತದೆ. ಹಾಗಾಗಿ ಪ್ರತಿ ಲೋಡಿನಲ್ಲೂ ನಾಲ್ಕೈದು ಕಟ್ಟು ಬಿಚ್ಚಿ, ನಡುವಿನಿಂದ ತಟ್ಟೆ ಎಳೆದು, ಬೆನ್ನು ನೋಡಿ, ಮೂಸಿ ನೋಡಿ. ಗಿರಾಕಿಗೂ ಹೇಳಿ: ಕಟ್ಟುಗಳು ಹಲಗೆಯ ಮೇಲೆ ಇರಲಿ, ಗೋಡೆಗೆ ತಾಗದಿರಲಿ, ಮಳೆಗಾಲದಲ್ಲಿ ಎರಡು ವಾರಕ್ಕೆ ಬೇಕಾದಷ್ಟೇ ತರಿಸಿಕೊಳ್ಳಲಿ. ಜಾಸ್ತಿ ಮಾರುವ ಆಸೆಗೆ ಜೂನ್‌ನಲ್ಲಿ ಐದು ಸಾವಿರ ತಟ್ಟೆ ತಳ್ಳಿದರೆ ಕಮಿಷನ್ ಒಂದು ಸಲ ಬರುತ್ತದೆ, ಗಿರಾಕಿ ಹೋಗುತ್ತಾರೆ.

ಇನ್ನು ಕೇಟರಿಂಗ್‌ನವರ ಹತ್ತಿರ ಹೋಗುವುದು. ಒಂದು ಬಟ್ಟೆಚೀಲದಲ್ಲಿ ಪ್ರತಿ ಸೈಜಿನದು ಎರಡೆರಡು ತಟ್ಟೆ ಇರಲಿ. ಇಷ್ಟು ಸ್ಯಾಂಪಲ್ ಘಟಕದವರೇ ಕೊಡುತ್ತಾರೆ. ಹೋದ ಕೂಡಲೇ ಚೀಲ ಬಿಚ್ಚಬೇಡಿ. ಮೂರು ಪ್ರಶ್ನೆ ಕೇಳಿ, ಪ್ರತಿ ಪ್ರಶ್ನೆ ಆದ ಮೇಲೆ ಬಾಯಿ ಮುಚ್ಚಿ ಕೂತುಕೊಳ್ಳಿ. ಈಗ ತಟ್ಟೆ ಎಲ್ಲಿಂದ ತರುತ್ತೀರಿ? ಅದರಲ್ಲಿ ನಿಮಗೆ ತೊಂದರೆ ಆದದ್ದು ಯಾವಾಗ? ಮುಂದಿನ ಕಾರ್ಯಕ್ರಮ ಯಾವ ತಾರೀಕಿಗೆ, ಎಷ್ಟು ಜನ? ಎರಡನೆಯ ಪ್ರಶ್ನೆಗೆ ಬರುವ ಉತ್ತರವೇ ನಿಮಗೆ ಬೇಕಾದ್ದು. ಒಬ್ಬರು ನನಗೆ ಹೇಳಿದ್ದು ಹೀಗೆ: "ತಟ್ಟೆಯದ್ದು ಎಂತ ಇಲ್ಲ ಮಾರಾಯ್ರೆ, ನಿಂತು ಉಣ್ಣುವವರ ಕೈಯಲ್ಲಿ ನಡುವೆ ಬಗ್ಗುತ್ತದೆ. ಮೊನ್ನೆ ಒಬ್ಬರ ಸೀರೆಗೆ ಸಾಂಬಾರು ಬಿತ್ತು." ಅವರಿಗೆ ನಾನು ದರದ ಮಾತೇ ಎತ್ತಲಿಲ್ಲ. 12 ಇಂಚಿನ ದಪ್ಪ ತಟ್ಟೆ ತೆಗೆದು, ಅವರದೇ ಅಡುಗೆಮನೆಯಿಂದ ಅನ್ನ, ಬಿಸಿ ಸಾಂಬಾರು ಹಾಕಿಸಿ, ಒಂದೇ ಕೈಯಲ್ಲಿ ಹಿಡಿದುಕೊಂಡು ಅರ್ಧ ಗಂಟೆ ಮಾತಾಡುತ್ತಾ ನಿಂತೆ. ತಟ್ಟೆ ಬಗ್ಗಲಿಲ್ಲ, ಅಡಿಯಲ್ಲಿ ತೇವ ಇಳಿಯಲಿಲ್ಲ. ಅರವತ್ತು ಪೈಸೆ ಜಾಸ್ತಿ ಕೊಟ್ಟು ಅವರು ಅದನ್ನೇ ತೆಗೆದುಕೊಂಡರು. ಅವರು ಈಗಲೂ ನನ್ನ ಗಿರಾಕಿ.

ಭಾಷೆಯ ವಿಷಯದಲ್ಲಿ ನಿಮ್ಮದು ದೊಡ್ಡ ಆಸ್ತಿ. ಘಟಕ ನಡೆಸುವ ಮನೆಯಲ್ಲಿ ಹವ್ಯಕ ಕನ್ನಡವೋ ಮರಾಠಿಯೋ ಇರಬಹುದು, ಕೇಟರಿಂಗ್‌ನವರದು ಬ್ಯಾರಿಯೋ ಮಲಯಾಳವೋ, ಹಾಲಿನ ಮ್ಯಾನೇಜರದು ತುಳು. ಇವರ ನಡುವೆ ವ್ಯವಹಾರ ಕುದುರದೆ ಇರುವುದು ಎಷ್ಟೋ ಸಲ ಮಾತು ಸರಿಯಾಗಿ ದಾಟದೆ. ಬ್ಯಾರಿ ಅರ್ಥವಾದರೆ ಸಾಲದು, ನಾಲ್ಕು ಮಾತಾಡಲು ಕಲಿಯಿರಿ. ಕುಂಬಳೆ, ಉಪ್ಪಳದಲ್ಲಿ ನಿಮಗೆ ಅದು ತುಂಬಾ ಬೇಕು.

ತಟ್ಟೆ ಭಾರ ಇಲ್ಲ, ಆದರೆ ಜಾಗ ತಿನ್ನುತ್ತದೆ. ಒಂದು ಆರ್ಡರಿಗೆ ಒಂದು ಗೂಡ್ಸ್ ರಿಕ್ಷಾ ಕಳಿಸಿದರೆ ಬಾಡಿಗೆಯೇ ನಿಮ್ಮ ಕಮಿಷನ್ನಿಗಿಂತ ಹೆಚ್ಚಾಗುತ್ತದೆ. ಹಾಗಾಗಿ ವಾರಕ್ಕೆ ಒಂದು ದಿನ ಗೊತ್ತು ಮಾಡಿ. ಬುಧವಾರ ಅಂದರೆ ಬುಧವಾರ, ಪೆರ್ಲ, ಬದಿಯಡ್ಕ, ಸೀತಾಂಗೋಳಿ, ಕುಂಬಳೆ ಒಂದೇ ಗಾಡಿಯಲ್ಲಿ. ಸೋಮವಾರ ಸಂಜೆಯೊಳಗೆ ಆರ್ಡರ್ ಬರಬೇಕು ಅಂತ ಎಲ್ಲರಿಗೂ ಹೇಳಿ. ಇಷ್ಟು ಜನರನ್ನು ಒಂದೇ ದಿನಕ್ಕೆ ಒಪ್ಪಿಸುವುದು ಘಟಕದವರಿಂದ ಆಗುವ ಕೆಲಸ ಅಲ್ಲ, ನಿಮ್ಮಿಂದ ಆಗುತ್ತದೆ.

ಈಗ ದುಡ್ಡಿನ ವಿಷಯ. ಸರಕನ್ನು ನೀವು ಕೊಳ್ಳಬೇಡಿ, ಗಿರಾಕಿಯ ದುಡ್ಡನ್ನು ನಿಮ್ಮ ಖಾತೆಗೆ ತೆಗೆದುಕೊಳ್ಳಬೇಡಿ. ಬಿಲ್ಲು ಘಟಕದ ಹೆಸರಿನಲ್ಲಿ, ಗೂಗಲ್ ಪೇ ಘಟಕದ ನಂಬರಿಗೆ. ಒಮ್ಮೆ ನಿಮ್ಮ ಕೈಗೆ ಬಂದ ದುಡ್ಡು ಮನೆಯ ಅವಸರಕ್ಕೆ ಖರ್ಚಾದರೆ ಸಂಬಂಧ ಅಲ್ಲಿಗೆ ಮುಗಿಯಿತು. ನಿಮ್ಮ ಕಮಿಷನ್ ದುಡ್ಡು ಬಂದ ಮೇಲೆ, ತಿಂಗಳ 5ನೇ ತಾರೀಕಿಗೆ ಒಟ್ಟಿಗೆ. ಆರ್ಡರ್ ಹಾಕಿದ ದಿನವೇ ಕಮಿಷನ್ ಬೇಕು ಅಂತ ಹಟ ಮಾಡಬೇಡಿ. ವಸೂಲಿಯಾದ ಮೇಲೆ ಸಿಗುತ್ತದೆ ಅಂತಿದ್ದರೆ ಸಾಲ ಹೇಳುವ ಗಿರಾಕಿಯನ್ನು ತರುವ ಮುಂಚೆ ನೀವೇ ಎರಡು ಸಲ ಯೋಚಿಸುತ್ತೀರಿ. ಹೊಸಬರಿಗೆ ಮೊದಲ ಮೂರು ಆರ್ಡರ್ ನಗದು, ಆಮೇಲೆ ಹದಿನೈದು ದಿನದ ಸಾಲ, ಹಿಂದಿನದು ಬಾರದೆ ಮುಂದಿನದು ಇಲ್ಲ. ಇದನ್ನು ಮೊದಲ ದಿನವೇ ನಗುತ್ತಾ ಹೇಳಿ. ಬಾಕಿ ಬಿದ್ದ ಮೇಲೆ ಹೇಳಿದರೆ ಜಗಳ ಆಗುತ್ತದೆ.

ನಿಮ್ಮನ್ನು ಬಿಟ್ಟು ಅವರಿಬ್ಬರೇ ನೇರ ವ್ಯವಹಾರ ಮಾಡಿಕೊಂಡರೆ? ಈ ಕೆಲಸದಲ್ಲಿ ನಿದ್ದೆ ಕೆಡಿಸುವ ಪ್ರಶ್ನೆ ಇದೇ, ನನಗೂ ಆಗಿದೆ. ಹಾಗಾಗಿ ಶುರುವಿನಲ್ಲೇ ಒಂದು ಹಾಳೆಯಲ್ಲಿ ಹೀಗೆ ಬರೆದು ಇಬ್ಬರೂ ಸಹಿ ಹಾಕಿ:

"ಇವರು ಪರಿಚಯ ಮಾಡಿಸಿದ ಗಿರಾಕಿಗಳ ಪಟ್ಟಿ ಹಿಂದಿನ ಪುಟದಲ್ಲಿದೆ. ಹೊಸ ಹೆಸರು ಬಂದಾಗ ತಾರೀಕು ಹಾಕಿ ಸೇರಿಸುತ್ತೇವೆ. ಮೊದಲ ಆರ್ಡರಿನಿಂದ 24 ತಿಂಗಳವರೆಗೆ ಆ ಗಿರಾಕಿ ಯಾರ ಮೂಲಕ ಆರ್ಡರ್ ಕೊಟ್ಟರೂ ತಟ್ಟೆಗೆ 25 ಪೈಸೆ, ದೊನ್ನೆಗೆ 10 ಪೈಸೆ ಕಮಿಷನ್ ಕೊಡುತ್ತೇವೆ. ಹಾಳಾದ ತಟ್ಟೆ ವಾಪಸು ಬಂದರೆ ಅದರ ಕಮಿಷನ್ ಇಲ್ಲ."

ಜೊತೆಗೆ ಪ್ರತಿ ಗಿರಾಕಿಗೆ ನೀವು, ಘಟಕದವರು, ಅವರು ಮೂವರೂ ಇರುವ ವಾಟ್ಸಾಪ್ ಗುಂಪು ಮಾಡಿ. ಆರ್ಡರ್ ಅದರಲ್ಲೇ ಬರಲಿ. ಯಾರಾದರೂ ನೇರಕ್ಕೆ ಹೋದರೆ ಗೊತ್ತಾಗುವುದು ಹೀಗೆ: ಹಾಲಿನಲ್ಲಿ ಅವರ ಕಾರ್ಯಕ್ರಮ ನಡೆಯುತ್ತಲೇ ಇರುತ್ತದೆ, ಗುಂಪು ಮಾತ್ರ ಮೌನ. ಆಗ ಜಗಳಕ್ಕೆ ಹೋಗಬೇಡಿ. ಹಾಲಿನ ಹಿಂದೆ ಬಿದ್ದ ಕಟ್ಟಿನ ಚೀಟಿ ನೋಡಿ, ಘಟಕದವರ ಹತ್ತಿರ ಒಪ್ಪಂದದ ಹಾಳೆ ಇಟ್ಟುಕೊಂಡು ಕೂತು ಮಾತಾಡಿ. ಎರಡನೆಯ ಸಲವೂ ಹಾಗೇ ಆದರೆ ಬೇರೆ ಘಟಕ ನೋಡಿ. ವಾರದ ಗಾಡಿ, ಕಟ್ಟು ಬಿಚ್ಚಿ ನೋಡುವುದು, ತಾರೀಕು ನೆನಪಿಸುವುದು, ಇವು ನಿಮ್ಮ ಕೈಯಲ್ಲಿರುವ ತನಕ ಗಿರಾಕಿ ನಿಮ್ಮ ಜೊತೆ ಬರುತ್ತಾರೆ.

ಈ ಸರಕಿಗೂ ಮಿತಿ ಉಂಟು, ಮುಚ್ಚಿಡಬಾರದು. ಕೇರಳದ ಹಸಿರು ನಿಯಮ, ಅಂದರೆ ಗ್ರೀನ್ ಪ್ರೋಟೋಕಾಲ್, ತೊಳೆದು ಮತ್ತೆ ಬಳಸುವ ಸ್ಟೀಲ್ ತಟ್ಟೆಯ ಕಡೆಗೇ ತಳ್ಳುತ್ತದೆ. ಪಾತ್ರೆ ಬಾಡಿಗೆಯವರು ಇರುವ ಹಾಲಿನಲ್ಲಿ ನಿಮಗೆ ಊಟದ ತಟ್ಟೆ ಸಿಗಲಿಕ್ಕಿಲ್ಲ, ಸಂಜೆಯ ತಿಂಡಿಯ ಸಣ್ಣ ತಟ್ಟೆ, ದೊನ್ನೆ ಸಿಗಬಹುದು. ಕೂತು ಉಣ್ಣುವ ಪಂಕ್ತಿಯಲ್ಲಿ ಬಾಳೆಲೆಯ ಜಾಗಕ್ಕೆ ಹೋಗುವ ಯೋಚನೆಯೇ ಬೇಡ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ, ಅಡಿಕೆ ಹಾಳೆಯಲ್ಲಿರುವ ಕೆಲವು ಅಂಶಗಳು ಊಟಕ್ಕೆ ಇಳಿಯಬಹುದು ಅಂತ, ಅಲ್ಲಿ ಈ ತಟ್ಟೆ ಮಾರುವುದರ ವಿರುದ್ಧ ಎಚ್ಚರಿಕೆ ಕೊಟ್ಟಿತು. ರಫ್ತಿನ ಆಸೆ ತೋರಿಸಿ ಯಾರಾದರೂ ದುಡ್ಡು ಹಾಕಿಸಲು ಬಂದರೆ ಇದನ್ನು ನೆನಪಿಡಿ. ಗಿರಾಕಿ ಕೇಳಿದರೂ ಹೀಗೊಂದು ಎಚ್ಚರಿಕೆ ಬಂದದ್ದು ನಿಜ ಅಂತಲೇ ಹೇಳಿ.

ಒಂದು ಸರಕಿಗೇ ಅಂಟಿಕೊಳ್ಳದೆ ಇರಲು ಇದೂ ಒಂದು ಕಾರಣ. ಆದರೆ ಎರಡನೆಯದನ್ನು ಈಗಲೇ ಹುಡುಕಬೇಡಿ. ಹನ್ನೆರಡರಲ್ಲಿ ಎಂಟು ಜನ ಪಕ್ಕಾ ಆದ ಮೇಲೆ ಅವರನ್ನೇ ಕೇಳಿ: "ತಟ್ಟೆ ಬಿಟ್ಟು ಇನ್ನು ಯಾವುದಕ್ಕೆ ನಿಮಗೆ ಓಡಾಟ ಜಾಸ್ತಿ?" ನನ್ನ ಗಿರಾಕಿಗಳು ಹೇಳಿದ್ದು ಹಪ್ಪಳ, ಉಪ್ಪಿನಕಾಯಿ. ನಾನು ಅದನ್ನು ಸೇರಿಸಿದೆ. ತಿನ್ನುವ ಪದಾರ್ಥ ಆದ್ದರಿಂದ ಅದಕ್ಕೆ ಲೇಬಲ್‌ನಲ್ಲಿ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರು ಇರಲೇಬೇಕು. ಆ ಉಪ್ಪಿನಕಾಯಿ ತಲಪಾಡಿ ದಾಟಬೇಕಾದರೆ ಮೇಲೆ ಹೇಳಿದ ಜಿಎಸ್‌ಟಿ ನೋಂದಣಿ ಮಾಡುವವರ ಹತ್ತಿರ ಇರಬೇಕು. ಇಲ್ಲದಿದ್ದರೆ ಅದು ನಮ್ಮ ಜಿಲ್ಲೆಯ ಗಿರಾಕಿಗಳಿಗೆ ಮಾತ್ರ.

ಈ ವಾರ ಎರಡು ಘಟಕಕ್ಕೆ ಹೋಗಿ ಕೂತು ಬನ್ನಿ. ಅದರ ಮುಂದಿನ ವಾರ ಸ್ಯಾಂಪಲ್ ಚೀಲ ಹಿಡಿದು ಆರು ಹಾಲಿನ ಮ್ಯಾನೇಜರ್‌ಗಳನ್ನು ಕಂಡು, "ನಿಮ್ಮಲ್ಲಿ ಪದೇ ಪದೇ ಬರುವ ಕೇಟರಿಂಗ್‌ನವರು ಯಾರು?" ಅಂತ ಕೇಳಿ. ಆ ಹೆಸರುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಒಂದೊಂದು ಪುಟಕ್ಕೆ ಒಂದರಂತೆ ಬರೆಯಿರಿ. ಕೆಳಗೆ ನಾಲ್ಕು ಸಾಲು: ಈಗ ಎಲ್ಲಿಂದ ತರುತ್ತಾರೆ, ಅವರ ತೊಂದರೆ ಏನು, ಮುಂದಿನ ತಾರೀಕು, ಎಷ್ಟು ಜನ. ಕಾರ್ಯಕ್ರಮದ ತಾರೀಕಿಗೆ ಹತ್ತು ದಿನ ಮೊದಲು ಆ ಪುಟ ತೆಗೆದು ಫೋನು ಮಾಡಿ.